ಅವ್ವನ ಜ್ವರಕ್ಕೆ ಮೂರು ದಿನದ ರಜೆ

ಆ ಅರ್ಜಿಗೆ ನನಗೆ ಹತ್ತಕ್ಕೆ ಎಂಟು ಅಂಕ ಬಂದಿದ್ದವು. ಇಡೀ ತರಗತಿಯಲ್ಲಿ ಅದೇ ಹೆಚ್ಚು. ಇಂಗ್ಲಿಷಿನಲ್ಲಿ ನಾನು ಎಲ್ಲರನ್ನೂ ಹಿಂದೆ ಹಾಕಿದ್ದು ಅದೊಂದೇ ಸಲ. ಆ ಅರ್ಜಿಯಲ್ಲಿ ನನ್ನದೆನ್ನುವ ಒಂದು ಶಬ್ದವೂ ಇರಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಇದ್ದದ್ದು ಕೆಳಗಿನ ಸಹಿ ಮಾತ್ರ.

ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಸೇರಿ ಎರಡು ಮೂರು ವರ್ಷವಾಗಿತ್ತು. ನಾನು ಸೇಡಂ, ಚಿತ್ತಾಪುರಗಳ ಶಾಲೆಗಳಲ್ಲಿ ಉರ್ದುವಿನಲ್ಲೇ ಓದಿ ಮೆಟ್ರಿಕ್ ಮುಗಿಸಿದವನು. ಲೆಕ್ಕ ಉರ್ದುವಿನಲ್ಲಿ, ಭೂಗೋಳ ಉರ್ದುವಿನಲ್ಲಿ, ಮಾಸ್ತರರ ಬೈಗುಳವೂ ಉರ್ದುವಿನಲ್ಲಿ. ಮನೆಯ ಮಾತು ಕನ್ನಡ. ಆದರೆ ಬರೆ ಎಂದರೆ ನನ್ನ ಕೈ ಬಲದಿಂದ ಎಡಕ್ಕೇ ಓಡುತ್ತಿತ್ತು. ಅಂಥವನು ಗುಲ್ಬರ್ಗಾದಲ್ಲಿ ಇಂಟರ್‌ಮೀಡಿಯೆಟ್ ಸೇರುವ ಹೊತ್ತಿಗೆ ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷ್ ಆಗಿಬಿಟ್ಟಿತ್ತು. ಶಾಲೆಯಲ್ಲಿ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿತಿದ್ದೆವು, ನಿಜ. ಆದರೆ ಅದು ಹಬ್ಬಕ್ಕೊಮ್ಮೆ ತೊಡುವ ಅಂಗಿಯ ಹಾಗೆ ಇತ್ತು. ಈಗ ದಿನವೂ ಅದನ್ನೇ ತೊಟ್ಟು ಓಡಾಡು ಎಂದರು. ಸೇಡಂ, ಚಿಂಚೋಳಿ, ಚಿತ್ತಾಪುರ ಕಡೆಯಿಂದ ಬಂದ ನಾವೆಲ್ಲ ಹಿಂದಿನ ಬೆಂಚಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದೆವು.

ಇಂಗ್ಲಿಷ್ ಕಲಿಸುವವರು ಮದ್ರಾಸಿನ ಕಡೆಯವರು. ಕೆಟ್ಟವರೇನಲ್ಲ. ನಮ್ಮ ಮುಖ ನೋಡಿ ಅವರಿಗೆ ಮರುಕ ಬಂದಿರಬೇಕು. ಪರೀಕ್ಷೆಯಲ್ಲಿ ಪತ್ರ ಬರೆಯುವ ಪ್ರಶ್ನೆ ಒಂದು ಬಂದೇ ಬರುತ್ತದೆ, ಅದರಲ್ಲಾದರೂ ನೀವು ಬೀಳಬಾರದು ಎಂದು ಒಂದು ದಿನ ಬೋರ್ಡಿನ ತುಂಬ ರಜೆ ಅರ್ಜಿಯ ಮಾದರಿ ಬರೆದುಕೊಟ್ಟರು. ಬಲಗಡೆ ಮೇಲೆ ವಿಳಾಸ, ಅದರ ಕೆಳಗೆ ತಾರೀಖು. ಎಡಗಡೆ ಪ್ರಿನ್ಸಿಪಾಲರ ಹುದ್ದೆ, ಕಾಲೇಜು, ಊರು. ಕೆಳಗೆ ಬಲಕ್ಕೆ ಸಹಿ, ತರಗತಿ, ಹಾಜರಿ ಸಂಖ್ಯೆ. ನಡುವೆ ಒಕ್ಕಣೆ. ಅದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ:

"ಮಾನ್ಯರೇ, ತಮ್ಮಲ್ಲಿ ವಿನಯದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ತಾಯಿಯವರು ಕಾಯಿಲೆಯಿಂದ ಮಲಗಿರುತ್ತಾರೆ. ಮನೆಯಲ್ಲಿ ಅವರನ್ನು ನೋಡಿಕೊಳ್ಳಲು ಬೇರೆ ಯಾರೂ ಇರುವುದಿಲ್ಲ. ಆದ್ದರಿಂದ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಮೂರು ದಿನಗಳ ರಜೆಯನ್ನು ದಯಪಾಲಿಸಬೇಕೆಂದು ಬೇಡುತ್ತೇನೆ. ಈ ಉಪಕಾರಕ್ಕೆ ಸದಾ ಕೃತಜ್ಞನಾಗಿರುತ್ತೇನೆ. ತಮ್ಮ ಅತ್ಯಂತ ವಿಧೇಯ ವಿದ್ಯಾರ್ಥಿ."

ವಿಳಾಸಕ್ಕೆ ಒಂದು ಅಂಕ, ತಾರೀಖಿಗೆ ಒಂದು, ಸಂಬೋಧನೆಗೆ ಒಂದು, ಒಕ್ಕಣೆಗೆ ಐದು, ಮುಕ್ತಾಯಕ್ಕೆ ಒಂದು, ಸಹಿಗೆ ಒಂದು. "ಒಂದು ಶಬ್ದವನ್ನೂ ಬದಲಿಸಬೇಡಿ" ಎಂದು ಅವರು ಸೀಮೆಸುಣ್ಣದ ಕೈ ಎತ್ತಿ ಎಚ್ಚರಿಸಿದರು, "ನೀವು ಎಲ್ಲಿ ಬದಲಿಸುತ್ತೀರೋ ಅಲ್ಲೇ ತಪ್ಪು ಹುಟ್ಟುತ್ತದೆ." ಆ ಮಾತನ್ನು ನಾನು ದೇವರ ಮಾತಿನಂತೆ ನಂಬಿದೆ. ಸ್ನಾನ ಮಾಡುವಾಗ, ಊಟಕ್ಕೆ ಸಾಲಿನಲ್ಲಿ ನಿಂತಾಗ, ಹಾಸಿಗೆ ಸುತ್ತುವಾಗ ಅದನ್ನೇ ಗಟ್ಟು ಹೊಡೆದೆ. ಹಾಸ್ಟೆಲಿನ ಹುಡುಗರು ನನ್ನನ್ನು 'ಅತ್ಯಂತ ವಿಧೇಯ' ಎಂದೇ ಕರೆಯತೊಡಗಿದರು.

ಪರೀಕ್ಷೆಗೆ ಅದೇ ಬಂತು. ಎಂಟು ಅಂಕವೂ ಬಂತು. ದೀಪಾವಳಿ ರಜೆಗೆ ಸೇಡಮಿಗೆ ಹೋದಾಗ ಅವ್ವನ ಮುಂದೆ ಕಾಗದ ಹಿಡಿದು, ಇದರಲ್ಲಿ ಹೀಗೆ ಹೀಗೆ ಬರೆದಿದ್ದೇನೆ ಎಂದು ಹೇಳಿದೆ. ಅವ್ವನಿಗೆ ಓದು ಬರುತ್ತಿರಲಿಲ್ಲ. ಒಲೆಯ ಮುಂದೆ ಜೋಳದ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು.

"ಎಲಾ ಇವನ, ನಿನ್ನ ಮಾರ್ಕಿನ ಸಲುವಾಗಿ ನನಗ ಜಡ್ಡಿನಾಗ ಹಾಕಿದಿ? ಎಂಟೇ ಯಾಕ ಕೊಟ್ರು? ನಾ ಇನ್ನೊಂದೀಟು ನರಳಿದ್ರ ಹತ್ತಕ್ಕ ಹತ್ತು ಬರ್ತಿದ್ವೇನೋ!"

ಅಪ್ಪ ಜಗಲಿಯಲ್ಲಿದ್ದವನು ನಗಲಿಲ್ಲ. ಅವನು ತಹಸೀಲ ಕಚೇರಿಯಲ್ಲಿ ಚಪರಾಸಿ. ಸೊಂಟದ ಪಟ್ಟಿ, ಅದರ ಹಿತ್ತಾಳೆ ಬಿಲ್ಲೆ, ದಿನಾ ಹುಣಸೆಹಣ್ಣು ಹಾಕಿ ತಿಕ್ಕಿದ ಅದರ ಹೊಳಪು, ಇದೇ ಅವನ ಜಗತ್ತು. ರಜೆಗೆ ಅವನು ಈಗಲೂ ಕಚೇರಿಯ ಹಳೆಯ ಮಾತಿನಂತೆ ರುಖ್ಸತ್ ಎನ್ನುತ್ತಿದ್ದ, ಅರ್ಜಿಗೆ ದರಖಾಸ್ತ್ ಎನ್ನುತ್ತಿದ್ದ. ನನ್ನ ಕಾಗದ ಇಸಿದುಕೊಂಡು ಓದಲು ಬಾರದ ಆ ಇಂಗ್ಲಿಷನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಅಂಚು ಬಿಟ್ಟದ್ದು ನೆಟ್ಟಗಿದೆ, ಸಹಿ ಇರಬೇಕಾದಲ್ಲೇ ಇದೆ ಎಂದು ಮೆಚ್ಚಿದ. "ದರಖಾಸ್ತ್ ಅಂದ್ರ ಹಿಂಗಿರಬೇಕು" ಎಂದ. ಅದನ್ನು ಮಡಚಿ ಟ್ರಂಕಿನಲ್ಲಿ ಇಟ್ಟುಕೊಂಡ.

ಆ ರಜೆ ಮುಗಿದು ಕಾಲೇಜು ತೆರೆದ ವಾರದಲ್ಲೇ ಒಂದು ಘಟನೆ ಆಯಿತು. ಚಿತ್ತಾಪುರದ ನನ್ನ ಸಹಪಾಠಿಯೊಬ್ಬ ಅಕ್ಕನ ಮದುವೆಗೆ ಹೋಗಬೇಕೆಂದು ಉರ್ದುವಿನಲ್ಲಿ ಸೊಗಸಾಗಿ ಅರ್ಜಿ ಬರೆದುಕೊಂಡು ಆಫೀಸಿಗೆ ಹೋದ. ನಾನೂ ಜೊತೆಗಿದ್ದೆ. ಗುಮಾಸ್ತರು ಅದನ್ನು ಓದಲೂ ಇಲ್ಲ, ಮೇಜಿನ ಮೇಲೆ ಅವನ ಕಡೆಗೇ ಸರಿಸಿದರು.

"ಉರ್ದು ಜಮಾನಾ ಮುಗೀತು. ಇಂಗ್ಲಿಷ್‌ನ್ಯಾಗ ಬರ್ಕೊಂಡು ಬಾ, ಇಲ್ಲಂದ್ರ ಬರಬ್ಯಾಡ."

ಅವನು ನನ್ನ ಮಾದರಿಯನ್ನೇ ನಕಲು ಮಾಡಿ, ತಾಯಿಗೆ ಕಾಯಿಲೆ ಎಂದೇ ಬರೆದು ಮದುವೆಗೆ ಹೋಗಿಬಂದ. ಆ ವರ್ಷ ನಮ್ಮ ಕಾಲೇಜಿನ ಹುಡುಗರ ತಾಯಂದಿರಿಗೆ ಬಂದಷ್ಟು ಕಾಯಿಲೆ ಇನ್ಯಾರಿಗೂ ಬಂದಿರಲಿಕ್ಕಿಲ್ಲ. ಎಲ್ಲರಿಗೂ ಮೂರೇ ದಿನದ ಕಾಯಿಲೆ. ನಾವು ಅದನ್ನು ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಚಳಿಗಾಲದ ಒಂದು ಸೋಮವಾರ ಮುಂಜಾನೆ ನನಗೊಂದು ಕಾರ್ಡು ಬಂತು. ಅಪ್ಪ ಕಚೇರಿಯ ಮುನ್ಷಿಯವರ ಕೈಲಿ ಉರ್ದುವಿನಲ್ಲಿ ಬರೆಸಿದ್ದ. ಅವ್ವನಿಗೆ ಮುದ್ದತಿ ಜ್ವರ, ಎರಡು ವಾರವಾಯಿತು, ದವಾಖಾನೆಯ ಡಾಕ್ಟರರು ನೋಡುತ್ತಿದ್ದಾರೆ, ನಿನ್ನನ್ನು ನೆನೆಸುತ್ತಿದ್ದಾಳೆ, ರುಖ್ಸತ್ ಮಂಜೂರು ಮಾಡಿಸಿಕೊಂಡು ಬಾ. ಕೊನೆಯ ಸಾಲಿನ ಕೆಳಗೆ ಗೆರೆ ಎಳೆಸಿದ್ದ. ಮುದ್ದತಿ ಜ್ವರ ಎಂದರೆ ಟೈಫಾಯ್ಡು. ಆಗ ಅದಕ್ಕೆ ನಮ್ಮ ಕಡೆ ಔಷಧಕ್ಕಿಂತ ಕಾಯುವುದೇ ಹೆಚ್ಚು. ಮೂರು ವಾರದ ಮುದ್ದತ್ತು ದಾಟಿದರೆ ಬದುಕಿದಂತೆ.

ನಾನು ಬೆಂಚಿನ ಮೇಲೆ ಕೂತು ಅರ್ಜಿ ಬರೆದೆ. ಬಾಯಿಪಾಠವಾದದ್ದರಿಂದ ಎರಡು ನಿಮಿಷ ಸಾಕಾಯಿತು. 'ನನ್ನ ತಾಯಿಯವರು ಕಾಯಿಲೆಯಿಂದ ಮಲಗಿರುತ್ತಾರೆ' ಎಂಬಲ್ಲಿಗೆ ಬಂದಾಗ ಮೊಟ್ಟಮೊದಲ ಸಲ ಆ ಮಾತಿನ ಅರ್ಥ ನನಗೆ ತಟ್ಟಿತು. ಆದರೂ ಅಕ್ಷರ ನೆಟ್ಟಗೇ ಇದ್ದವು. ಮಂಗಳವಾರ, ಬುಧವಾರ, ಗುರುವಾರದ ತಾರೀಖು ಹಾಕಿದೆ. ಎಷ್ಟು ದಿನ ಬೇಕಾಗಬಹುದು ಎಂದು ನಾನು ಯೋಚಿಸಲೇ ಇಲ್ಲ. ರಜೆ ಎಂದರೆ ಮೂರು ದಿನ ಎಂದೇ ನನ್ನ ತಲೆಯಲ್ಲಿ ಕೂತಿತ್ತು. ಇಂಗ್ಲಿಷ್ ಗುರುಗಳು ಶಿಫಾರಸು ಬರೆದರು, ಗುಮಾಸ್ತರು ಒಳಗೆ ಕಳಿಸಿದರು, ಪ್ರಿನ್ಸಿಪಾಲರ ಸಣ್ಣ ಸಹಿ ಬಿದ್ದು ಹೊರಗೆ ಬಂತು. ಗುಮಾಸ್ತರು ಹೇಳಿದರು: "ಶುಕ್ರವಾರ ಹಾಜರಿ ಆಗಬೇಕು ನೋಡು. ಹೆಚ್ಚಿಗಿ ರಜಾ ಬೇಕಂದ್ರ ಇದು ಮುಗಿಯೋದ್ರಾಗ ಮತ್ತೊಂದು ಅರ್ಜಿ ಬಂದಿರಬೇಕು. ಇಲ್ಲಂದ್ರ ಗೈರುಹಾಜರಿ ಬೀಳ್ತದ. ಫೀ ಮಾಫಿ ಇದ್ದವ್ರಿಗಿ ಅದು ಛಲೋ ಅಲ್ಲ." ನಾನು ಫೀ ಮಾಫಿಯ ಮೇಲೆಯೇ ಓದುತ್ತಿದ್ದೆ. ಅದು ಹೋದರೆ ಓದೂ ಹೋದಂತೆಯೇ.

ಸೇಡಮಿಗೆ ಹೋಗಬೇಕಾದರೆ ಗುಲ್ಬರ್ಗಾದಲ್ಲಿ ರೈಲು ಹತ್ತಿ, ಶಹಾಬಾದ್ ದಾಟಿ, ವಾಡಿ ಜಂಕ್ಷನ್ನಿನಲ್ಲಿ ಇಳಿದು, ಹೈದರಾಬಾದಿನ ಕಡೆ ಹೋಗುವ ಗಾಡಿ ಹಿಡಿಯಬೇಕು. ಸಂಜೆಯ ಹೊತ್ತಿಗೆ ಮನೆ ಮುಟ್ಟಿದೆ. ಚಿಂಚೋಳಿಯಿಂದ ಸಣ್ಣವ್ವ, ಅವ್ವನ ತಂಗಿ, ಬಂದಿದ್ದಳು. ಅವಳೇ ಗಂಜಿ ಕಾಸುವುದು, ಹಣೆಗೆ ತಣ್ಣೀರ ಬಟ್ಟೆ ಹಾಕುವುದು. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆ ದಪ್ಪ ಜಡೆಯನ್ನು ಬಿಚ್ಚಿ ಗಂಟು ಕಟ್ಟಿದ್ದರು. ಮುಖ ಚಿಕ್ಕದಾಗಿತ್ತು. ಕೊರಳಿನ ಲಿಂಗದ ದಾರ ಕೂಡ ಅವಳಿಗೆ ಭಾರವಾದಂತೆ ಕಾಣಿಸಿತು.

"ಬಂದ್ಯಾ" ಎಂದಳು. "ಎಷ್ಟು ದಿನ?"

"ಮೂರು ದಿನ, ಯವ್ವಾ."

"ಮೂರಽ?" ಎಂದು ಸ್ವಲ್ಪ ನಕ್ಕಳು. "ಮತ್ತ ಅದೇ ಅರ್ಜಿ ಬರ್ದೇನು? ಈ ಸಲ ಮಾರ್ಕು ಎಷ್ಟು ಕೊಟ್ರು?"

ನನಗೆ ದುಃಖ ಉಕ್ಕಿ ಬಂತು. ಸಣ್ಣವ್ವ ನನ್ನ ಕೈಗೆ ಗಂಜಿಯ ಬಟ್ಟಲು ಕೊಟ್ಟು ಪಾರು ಮಾಡಿದಳು.

ಮಂಗಳವಾರವಿಡೀ ನಾನು ಅವಳ ಹತ್ತಿರವೇ ಕೂತಿದ್ದೆ. ಬೆವರು ಒರೆಸಿದೆ, ಕಾಲು ಒತ್ತಿದೆ. ಆಗಾಗ ಅವಳು ಏನೇನೋ ಬಡಬಡಿಸುತ್ತಿದ್ದಳು. ಚಿಂಚೋಳಿಯ ತವರುಮನೆಯ ಎಮ್ಮೆಯನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಎಚ್ಚರ ಬಂದಾಗ ಮೊದಲು ನನ್ನ ಕೈ ಹುಡುಕುತ್ತಿದ್ದಳು. ಡಾಕ್ಟರರು ಬಂದು ಹೊಟ್ಟೆ ಮುಟ್ಟಿ ನೋಡಿ, ಗಂಜಿ ನೀರು ಬಿಟ್ಟು ಏನೂ ಕೊಡಬೇಡಿ, ಈ ವಾರ ಕಳೆಯಬೇಕು, ಮುಂದಿನದನ್ನು ಈಗ ಹೇಳಲಾರೆ ಎಂದರು.

ಬುಧವಾರ ಮುಂಜಾನೆ ಜ್ವರ ತುಸು ಇಳಿದಿತ್ತು. ಅವ್ವ ಬಿಡಿ ಬಿಡಿಯಾಗಿ ಮಾತಾಡಿದಳು. ಅಪ್ಪ ಕಚೇರಿಗೆ ಹೊರಡುವ ಮುನ್ನ ಒಳಗೆ ಬಂದಾಗ ಅವಳು ನನ್ನ ಅಂಗಿಯ ತುದಿ ಹಿಡಿದುಕೊಂಡೇ ಹೇಳಿದಳು.

"ಇವನಿಗಿ ಇನ್ನ ನಾಕು ದಿನ ಇರಲಿಕ್ಕೆ ಹೇಳ್ರಿ. ನನ್ನ ಜ್ವರದ ಮುದ್ದತ್ತು ಮುಗೀಲಿ. ಆಮ್ಯಾಲ ಬೇಕಾದ್ರ ಹೋಗ್ಲಿ."

ಅಪ್ಪ ನನ್ನ ಕಡೆ ನೋಡಿದ. ನಾನು ಗುಮಾಸ್ತರು ಹೇಳಿದ್ದನ್ನೆಲ್ಲ ಹೇಳಿದೆ. ಅಪ್ಪನಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಅವನ ಕಚೇರಿಯಲ್ಲೂ ಅದೇ ಕಾನೂನು.

"ಹಂಗಾದ್ರ ಈಗಿಂದೀಗ ಮತ್ತೊಂದು ದರಖಾಸ್ತ್ ಬರೀ. ಮಧ್ಯಾಹ್ನದ ಟಪಾಲಿಗಿ ಹಾಕಿದ್ರ ನಾಳಿ ಮುಟ್ತದ. ಹೆಚ್ಚಿಗಿ ರುಖ್ಸತ್ ಕೇಳೋದ್ರಾಗ ತಪ್ಪಿಲ್ಲ. ಕೇಳದಽ ಕುಂಡ್ರೋದು ತಪ್ಪು."

ನಾನು ಜಗಲಿಯಲ್ಲಿ ಕಾಗದ ಹಿಡಿದು ಕೂತೆ. ವಿಳಾಸ ಬರೆದೆ, ತಾರೀಖು ಬರೆದೆ, ಮಾನ್ಯರೇ ಎಂದು ಬರೆದೆ, ವಿನಯದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ ಎಂದು ಬರೆದೆ. ಅಲ್ಲಿಗೆ ನಿಂತಿತು. ಮೊದಲು ಕೊಟ್ಟ ಮೂರು ದಿನ ಸಾಲದು, ಅವ್ವನಿಗೆ ಇನ್ನೂ ಜ್ವರ ಬಿಟ್ಟಿಲ್ಲ, ಇನ್ನಷ್ಟು ದಿನ ಬೇಕು, ಇಷ್ಟೇ ಹೇಳಬೇಕಾದದ್ದು. ಇದು ಮಾದರಿಯಲ್ಲಿ ಇರಲಿಲ್ಲ. ಬೋರ್ಡಿನ ಮೇಲೆ ಬರೆಯದೆ ಇದ್ದ ಇಂಗ್ಲಿಷ್ ನನಗೆ ಎಲ್ಲಿಂದ ಬರಬೇಕು? ಒಂದು ಸಾಲು ಕಟ್ಟಿದೆ. ಓದಿದರೆ ಅವ್ವ ನನಗೆ ರಜೆ ಕೊಟ್ಟಂತೆ ಇತ್ತು. ಹೊಡೆದು ಹಾಕಿದೆ. ಇನ್ನೊಂದು ಕಟ್ಟಿದೆ. ಎಲ್ಲಿ ಬದಲಿಸುತ್ತೀರೋ ಅಲ್ಲೇ ತಪ್ಪು ಎಂಬ ಗುರುಗಳ ಮಾತು ಕಿವಿಯಲ್ಲಿ ಕೂಗಿತು. ತಪ್ಪು ಅರ್ಜಿಯನ್ನು ಗುಮಾಸ್ತರು ನನ್ನ ಸಹಪಾಠಿಯದನ್ನು ಸರಿಸಿದಂತೆ ಸರಿಸಿಬಿಟ್ಟರೆ? ಆಗ ಗೈರುಹಾಜರಿ, ಫೀ ಮಾಫಿ ಎಲ್ಲಾ ಹಾಳು. ಐದು ಹಾಳೆ ಹರಿದೆ. ಒಳಗಿಂದ ಅವ್ವ, "ಏನ್ ಬರ್ಯಾಕತ್ತ್ಯಾನ ಅಂವ ಇಷ್ಟೊತ್ತನ?" ಎಂದು ಸಣ್ಣವ್ವನನ್ನು ಕೇಳುವುದು ಕೇಳಿಸಿತು.

ಮಧ್ಯಾಹ್ನ ಅಪ್ಪ ಬಂದಾಗ ನನ್ನ ಸುತ್ತ ಕಾಗದದ ಚೂರು ಬಿದ್ದಿದ್ದವು.

"ಆಗ್ಲಿಲ್ಲೇನು?"

"ಬರೀಲಿಕ್ಕೆ ಬರವಲ್ದಪ್ಪ."

"ಎಂಟು ಮಾರ್ಕು ತಗೊಂಡಾವ ನೀನು!"

ಹೊಸದಾಗಿ ಬಂದ ತಹಸೀಲ್ದಾರರಿಗೆ ಒಳ್ಳೆಯ ಇಂಗ್ಲಿಷ್ ಬರುತ್ತಿತ್ತು. ಅವರನ್ನು ಕೇಳೋಣವೇ ಎಂದೆ. ಅಪ್ಪ ಬೆಚ್ಚಿಬಿದ್ದ. ಸಾಹೇಬರ ಕುರ್ಚಿಯ ಹತ್ತಿರ ಅವನು ನೀರಿನ ಲೋಟ ಇಡಲು ಮಾತ್ರ ಹೋಗುತ್ತಿದ್ದವನು. "ಅವ್ರಿಗಿ ಹ್ಯಾಂಗ ಕೇಳ್ಲಿ ನಾ?" ಎಂದ. ಆಮೇಲೆ ಕಚೇರಿಯವನ ದನಿಯಲ್ಲಿ ಹೇಳಿದ: "ಹೋಗು. ಮಂಜೂರಾದದ್ದು ಮೂರು ದಿನ. ರುಖ್ಸತ್ ಅಂದ್ರ ಸರಕಾರದ ಮಾತು. ಶುಕ್ರವಾರ ಹಾಜರಾಗು. ಶನಿವಾರ ಮತ್ತ ಅದೇ ದರಖಾಸ್ತ್ ಬರ್ದು ಕೊಟ್ಟು ವಾಪಸ್ ಬಾ. ಅದಂತೂ ನಿನಗ ಬರ್ತದಲ್ಲ." ಅವನ ಲೆಕ್ಕ ಅವನಿಗೆ ಸರಿಯಾಗಿಯೇ ಇತ್ತು. ನನಗೂ ಸರಿಯೇ ಅನ್ನಿಸಿತು. ಮಾದರಿಯನ್ನು ಮತ್ತೊಮ್ಮೆ ಬಳಸಲು ನಾನು ಐವತ್ತು ಮೈಲಿ ಹೋಗಿ ಬರಬೇಕು ಎಂಬ ಮಾತು ಎಷ್ಟು ಹುಚ್ಚು ಎಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಗುರುವಾರ ಹೊರಡುವಾಗ ಅವ್ವನಿಗೆ, ಶನಿವಾರ ಸಂಜೆ ಬರುತ್ತೇನೆ ಎಂದೆ. ಅವಳು ಹಟ ಮಾಡಲಿಲ್ಲ. ಅಂಗಿ ಹಿಡಿಯಲಿಲ್ಲ. "ಹೂಂ, ಹೋಗು. ಊಟ ಮಾಡು ಅಲ್ಲಿ" ಎಂದು ಕಣ್ಣು ಮುಚ್ಚಿದಳು. ಹಟ ಮಾಡಿದ್ದರೆ ನಿಲ್ಲುತ್ತಿದ್ದೆನೇನೋ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದು ತಪ್ಪನ್ನು ಅವಳ ತಲೆಗೆ ಕಟ್ಟುವ ಹಂಚಿಕೆ. ನಿಲ್ಲುವವನು ಹಟಕ್ಕಾಗಿ ಕಾಯುವುದಿಲ್ಲ.

ವಾಡಿಯಲ್ಲಿ ಗಾಡಿ ಬದಲಿಸಲು ಎರಡು ತಾಸು ಕಾಯಬೇಕಾಯಿತು. ನಾನು ಬೆಂಚಿನ ಮೇಲೆ ಕೂತಿದ್ದೆ. ಆಚೆ ಹಳಿಯ ಮೇಲೆ ಸೇಡಂ ಕಡೆ ಹೋಗುವ ಗಾಡಿ ನಿಂತಿತ್ತು. ಎಂಜಿನ್ನಿಗೆ ನೀರು ತುಂಬುತ್ತಿದ್ದರು. ಅದನ್ನು ಹತ್ತಿದರೆ ಸಂಜೆಯೊಳಗೆ ಮನೆ. ನಾನು ಎದ್ದು ಅದರ ಬಾಗಿಲ ಹತ್ತಿರದವರೆಗೂ ಹೋದೆ. ಒಳಗೆ ಒಬ್ಬಾತ ಗಂಟು ಸರಿಸಿ, "ಬರ್ರಿ, ಕುಂದ್ರಿ" ಎಂದು ಜಾಗ ಮಾಡಿಕೊಟ್ಟ. ಜೇಬಿನಲ್ಲಿದ್ದ ಗುಲ್ಬರ್ಗಾದ ಟಿಕೇಟು ಮುಟ್ಟಿಕೊಂಡೆ. ಶುಕ್ರವಾರದ ಹಾಜರಿ ಪುಸ್ತಕ ಕಣ್ಣಿಗೆ ಕಟ್ಟಿತು. ಇಲ್ಲ ಎಂದು ತಲೆಯಾಡಿಸಿ ವಾಪಸು ಬಂದು ಬೆಂಚಿನ ಮೇಲೆ ಕೂತೆ. ಗಾಡಿ ಹೋಯಿತು. ಆಮೇಲೆ ನನ್ನದು ಬಂತು. ಶಹಾಬಾದಿನ ಸಿಮೆಂಟ್ ಫ್ಯಾಕ್ಟರಿಯ ಹೊಗೆ, ಹಳಿಯ ದಂಡೆಗೆ ಒಟ್ಟಿದ ನೆಲಹಾಸು ಕಲ್ಲಿನ ಪರಸಿಗಳು ಕಿಟಕಿಯಲ್ಲಿ ಸರಿದುಹೋದವು. ನಾನು ಒಳ್ಳೆಯ ಹುಡುಗನಂತೆ ಕಾಲೇಜಿಗೆ ಹೋಗಿ ಮುಟ್ಟಿದೆ.

ಶುಕ್ರವಾರ ಹಾಜರಿ ಕೂಗಿದಾಗ ಗಟ್ಟಿಯಾಗಿ ಓಗೊಟ್ಟೆ.

ಶನಿವಾರ ಮೊದಲ ಪಾಠದ ನಡುವೆ ಆಫೀಸಿನಿಂದ ಕರೆ ಬಂತು. ಗುಮಾಸ್ತರ ಕೈಯಲ್ಲಿ ತಂತಿ ಇತ್ತು. ಸೇಡಂನಿಂದ ಬಂದ ತಂತಿ. ಅದರಲ್ಲಿದ್ದ ನಾಲ್ಕು ಇಂಗ್ಲಿಷ್ ಶಬ್ದ ನನಗೆ ಚೆನ್ನಾಗಿ ಅರ್ಥವಾದವು. ಅವ್ವ ಬೆಳಗಿನ ಜಾವ ಹೋಗಿದ್ದಳು. ಹೊಟ್ಟೆ ನೋವು ಎಂದು ಶುಕ್ರವಾರ ಮಧ್ಯಾಹ್ನ ಒದ್ದಾಡಿದಳಂತೆ, ನನ್ನನ್ನು ಕರೆದಳಂತೆ. ಅದೆಲ್ಲ ಆಮೇಲೆ ಸಣ್ಣವ್ವ ಹೇಳಿದ್ದು.

ಗುಮಾಸ್ತರ ಮುಖ ಸಣ್ಣದಾಗಿತ್ತು. ಆದರೂ ಪದ್ಧತಿ ಬಿಡಲಿಲ್ಲ. ಕುರ್ಚಿ ಕೊಟ್ಟು, ಕಾಗದ, ಮಸಿಯ ದೌತಿ ಮುಂದಿಟ್ಟು, "ಒಂದು ಅರ್ಜಿ ಬರ್ದು ಕೊಟ್ಟು ಹೋಗಪ್ಪ, ನಾ ಈಗಿಂದೀಗ ಸಾಹೇಬ್ರ ಸಹಿ ಮಾಡಿಸ್ತೀನಿ" ಎಂದರು. ನಾನು ಬರೆದೆ. ಏನು ಬರೆಯುತ್ತಿದ್ದೇನೆ ಎಂಬ ಎಚ್ಚರ ಇರಲಿಲ್ಲ. ಕೈ ತಾನಾಗಿ ನಡೆಯಿತು. ಕಾಗದ ಎತ್ತಿಕೊಂಡು ಅವರು ನನ್ನನ್ನೂ ಒಳಗೆ ಕರೆದುಕೊಂಡು ಹೋದರು.

ಪ್ರಿನ್ಸಿಪಾಲರನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹೈದರಾಬಾದಿನ ಮನೆತನಸ್ಥರು, ಬಿಳಿ ಗಡ್ಡ, ಕಪ್ಪು ಶೇರ್ವಾನಿ. ಅವರು ಒಂದು ಕೈಯಲ್ಲಿ ತಂತಿ, ಇನ್ನೊಂದು ಕೈಯಲ್ಲಿ ನನ್ನ ಅರ್ಜಿ ಹಿಡಿದು ಎರಡನ್ನೂ ಓದಿದರು. ಮತ್ತೆ ಓದಿದರು. ಅರ್ಜಿಯಲ್ಲಿ ನಾನು ನನ್ನ ತಾಯಿಯವರು ಕಾಯಿಲೆಯಿಂದ ಮಲಗಿರುತ್ತಾರೆ, ನೋಡಿಕೊಳ್ಳಲು ಬೇರೆ ಯಾರೂ ಇರುವುದಿಲ್ಲ, ಮೂರು ದಿನಗಳ ರಜೆ ದಯಪಾಲಿಸಬೇಕು ಎಂದು ಬರೆದಿದ್ದೆ.

ಅವರು ಉರ್ದುವಿನಲ್ಲಿ ಮೆಲ್ಲಗೆ ಕೇಳಿದರು. ತಾಯಿಗೆ ಅಷ್ಟು ಆಗಿದ್ದಾಗ ಯಾಕೆ ವಾಪಸು ಬಂದೆ ಮಗು? ಆ ಭಾಷೆ ಕಿವಿಗೆ ಬಿದ್ದದ್ದೇ ತಡ, ನನ್ನ ಬಾಯಿ ಬಿಚ್ಚಿತು. ಮೂರು ದಿನದ ರಜೆ ಮುಗಿದಿತ್ತು ಹುಜೂರ್, ಹೆಚ್ಚಿಗೆ ಕೇಳಲು ಕೂತಿದ್ದೆ, ಇಂಗ್ಲಿಷಿನಲ್ಲಿ ಬರೆಯಲು ಬರಲಿಲ್ಲ, ಮಾದರಿಯಲ್ಲಿ ಅದು ಇರಲಿಲ್ಲ ಎಂದು ತಡೆಯದೆ ಹೇಳಿಬಿಟ್ಟೆ.

ಅವರು ಕನ್ನಡಕ ತೆಗೆದರು.

"ಉರ್ದೂ ಮೇ ಲಿಖ್ ದೇತೇ, ಬೇಟಾ. ಏಕ್ ಕಾರ್ಡ್ ಕಾಫೀ ಥಾ."

ಉರ್ದುವಿನಲ್ಲಿ ಬರೆಯಬಹುದಿತ್ತಲ್ಲ, ಒಂದು ಕಾರ್ಡು ಸಾಕಾಗಿತ್ತು. ನಾನು ಉರ್ದು ಅರ್ಜಿ ನಡೆಯುವುದಿಲ್ಲವಂತೆ ಎಂದೆ. "ಯಾರು ಹೇಳಿದರು?" ಎಂದು ಅವರು ಕೇಳಿದರು. ಬಾಗಿಲ ಹತ್ತಿರ ನಿಂತಿದ್ದ ಗುಮಾಸ್ತರು ನೆಲ ನೋಡುತ್ತಿದ್ದರು. ನಾನು ಯಾರ ಹೆಸರನ್ನೂ ಹೇಳಲಿಲ್ಲ. ಪ್ರಿನ್ಸಿಪಾಲರೂ ಮತ್ತೆ ಕೇಳಲಿಲ್ಲ. ಅರ್ಜಿಯ ಮೇಲಿನ ಮೂರು ದಿನವನ್ನು ಹೊಡೆದು ತಾವೇ ಹದಿನೈದು ದಿನ ಎಂದು ಬರೆದು ಸಹಿ ಹಾಕಿದರು. ಮೆಟ್ಟಿಲವರೆಗೂ ಬಂದು ನನ್ನ ಭುಜದ ಮೇಲೆ ಕೈ ಇಟ್ಟರು.

ಹತ್ತು ವರ್ಷ ಉರ್ದು ಕಲಿತವನು ನಾನು. ಆ ಜಗಲಿಯ ಮೇಲೆ ಕೂತು ಐದು ಹಾಳೆ ಹರಿಯುವ ಬದಲು ಅಪ್ಪನ ಕಾರ್ಡಿನಂಥ ಒಂದು ಕಾರ್ಡನ್ನು ಐದು ನಿಮಿಷದಲ್ಲಿ ಬರೆದು ಹಾಕಬಹುದಾಗಿತ್ತು. ರೈಲಿನಲ್ಲಿ ಉದ್ದಕ್ಕೂ ಆ ಕಾರ್ಡನ್ನು ಮನಸ್ಸಿನಲ್ಲಿ ಬರೆಯುತ್ತಲೇ ಇದ್ದೆ. ಎಷ್ಟು ಸಲೀಸಾಗಿ ಬರುತ್ತಿತ್ತು ಎಂದರೆ ಸಿಟ್ಟಿಗೆ ನನ್ನ ಕೈಯನ್ನೇ ಕಿಟಕಿಯ ಕಟ್ಟಿಗೆಗೆ ಕುಟ್ಟಿಕೊಂಡೆ.

ಮನೆಯಲ್ಲಿ ಕಾದಿದ್ದರು. ಅವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಿ ಬಂದೆವು. ನಾನು ಮೂರು ಹಿಡಿ ಮಣ್ಣು ಹಾಕಿದೆ. ಆಮೇಲಿನ ದಿನಗಳಲ್ಲಿ ಅಪ್ಪ ಯಾರ ಸಂಗಡವೂ ಮಾತಾಡಲಿಲ್ಲ. ನನ್ನ ಮುಖ ನೋಡುವುದನ್ನು ತಪ್ಪಿಸುತ್ತಿದ್ದ. ನಾನು ಊಟಕ್ಕೆ ಕೂತರೆ ಎದ್ದು ಹೊರಗೆ ಹೋಗುತ್ತಿದ್ದ. ಸಣ್ಣವ್ವ ಬಡಿಸಿದ ರೊಟ್ಟಿ ಅವನ ತಾಟಿನಲ್ಲಿ ಹಾಗೇ ಒಣಗುತ್ತಿತ್ತು.

ಅವನ ರಜೆ ಐದು ದಿನದ್ದು. ಆರನೆಯ ದಿನ ಮುಂಜಾನೆ ಕಚೇರಿಗೆ ಹೊರಡಲು ಸೊಂಟದ ಪಟ್ಟಿ ಕೈಯಲ್ಲಿ ಹಿಡಿದವನು ಅದನ್ನು ಕಟ್ಟಿಕೊಳ್ಳದೆ ನನ್ನ ಎದುರಿಗೆ ಬಂದು ಕೂತ. ಬಿಲ್ಲೆ ಮಾಸಿತ್ತು.

"ಒಂದು ಮಾತು ಕೇಳ್ತೀನಿ, ಖರೇ ಹೇಳು. ಅವತ್ತ ನೀ ಹ್ಯಾಂಗರೆ ಮಾಡಿ ಮತ್ತೊಂದು ದರಖಾಸ್ತ್ ಬರ್ದು ಹಾಕಿದ್ರ, ಹೆಚ್ಚಿಗಿ ರುಖ್ಸತ್ ಸಿಗ್ತಿತ್ತೇನು?"

ಅವನ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಹೋಗು ಎಂದವನು ಅವನು. ಐದು ದಿನದಿಂದ ಅವನು ಅನ್ನ ಬಿಟ್ಟದ್ದು ಯಾತಕ್ಕೆಂದು ನನಗೆ ಆಗ ತಿಳಿಯಿತು. ಏಕ್ ಕಾರ್ಡ್ ಕಾಫೀ ಥಾ ಎಂಬುದು ಅವನಿಗೂ ಅರ್ಥವಾಗುವ ಭಾಷೆಯೇ. ಹೇಳಿದ್ದರೆ ನನಗಿಂತ ಚೆನ್ನಾಗಿ ಅರ್ಥವಾಗುತ್ತಿತ್ತು.

"ಇಲ್ಲಪ್ಪ, ಸಿಗ್ತಿರಲಿಲ್ಲ" ಎಂದೆ. "ಪ್ರಿನ್ಸಿಪಾಲ್ರು ಭಾಳ ಬಿಗಿ ಮನಷ್ಯಾ. ಜಡ್ಡಿಗಿ ಮೂರು ದಿನದ ಮ್ಯಾಲ ಒಂದು ದಿನಾನೂ ಕೊಡಾಂಗಿಲ್ಲ, ಸಾವಿಗಷ್ಟೇ ಹೆಚ್ಚಿಗಿ ಕೊಡ್ತಾರ."

"ಹಂಗಾದ್ರ ನಿನ್ನ ಕಳಿಸಿದ್ದು ಬರೋಬ್ಬರಿ ಆತು?"

"ಬರೋಬ್ಬರಿ ಆತಪ್ಪ."

ಅವನು ದೊಡ್ಡದಾಗಿ ಉಸಿರು ಬಿಟ್ಟ. ಸಣ್ಣವ್ವನನ್ನು ಕರೆದು, ಒಂದು ರೊಟ್ಟಿ ಕೊಡು ಎಂದ. ಉಂಡು, ಪಟ್ಟಿ ಕಟ್ಟಿಕೊಂಡು ಕಚೇರಿಗೆ ಹೋದ.

ಆಮೇಲೆ ಅಪ್ಪ ಬಹಳ ವರ್ಷ ಬದುಕಿದ. ಮನೆಗೆ ಬಂದವರ ಮುಂದೆ ಅವ್ವನ ಮಾತು ಬಂದಾಗಲೆಲ್ಲ, ಆ ಕಾಲೇಜಿನ ಪ್ರಿನ್ಸಿಪಾಲ ಕಲ್ಲುಮನಸ್ಸಿನವನು, ಅದಕ್ಕೇ ನನ್ನ ಮಗನಿಗೆ ತಾಯಿಯ ಹತ್ತಿರ ಇರಲಿಕ್ಕೆ ಆಗಲಿಲ್ಲ ಎಂದು ಬೈಯುತ್ತಿದ್ದ. ನನ್ನ ಭುಜದ ಮೇಲೆ ಕೈ ಇಟ್ಟ ಆ ಒಳ್ಳೆಯ ಮನುಷ್ಯರನ್ನು ಬೈಯುವುದನ್ನು ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ. ಅಪ್ಪ ಸಾಯುವವರೆಗೂ ನಾನು ಒಂದು ಸಲವೂ ಅವರು ಹಾಗಲ್ಲ ಎನ್ನಲಿಲ್ಲ.